ನಮ್ಮ ಮನೆಯ ಅಕ್ಕಿ ಎಷ್ಟಕ್ಕೆ ಬಿತ್ತು

ನಾನು ಮದುವೆಯಾಗಿ ಬಂದ ಮನೆಯಲ್ಲಿ ಅಕ್ಕಿಗೂ ಒಂದು ಬೆಲೆ ಇದೆಯೆಂದು ಯಾರೂ ಯೋಚಿಸಿದಂತೆ ಕಾಣಲಿಲ್ಲ. ಗದ್ದೆಯಿಂದ ಭತ್ತ ಬರುತ್ತಿತ್ತು. ಮೂರು ನಾಲ್ಕು ತಿಂಗಳಿಗೊಮ್ಮೆ ಎತ್ತಿನ ಗಾಡಿ ಫ್ರೇಜರ್‌ಪೇಟೆಯ ಮಿಲ್ಲಿಗೆ ಹೋಗಿ ಬರುತ್ತಿತ್ತು. ಅಲ್ಲಿಂದ ಮುಂದೆ ಅಕ್ಕಿ ಡಬ್ಬದಲ್ಲಿರುತ್ತಿತ್ತು. ಬೆಲೆ ಎನ್ನುವುದು ಕೊಂಡು ಉಣ್ಣುವವರ ಪಾಡು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಗಂಡನ ಅಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಮಾವನವರು ತೀರಿಹೋಗಿದ್ದರು. ಮನೆಯಲ್ಲಿ ನಾನು, ನನ್ನ ಗಂಡ, ಗಂಡನ ತಮ್ಮಂದಿರು, ಮತ್ತೆ ಗಂಡನ ಅಕ್ಕ. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಮನೆಯ ಭತ್ತ ಅವರ ವಶ. ಅಡುಗೆಮನೆಯ ಅಟ್ಟಕ್ಕೆ ಹತ್ತುವ ಬಾಗಿಲಿನ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಮಿಲ್ಲಿಗೆ ಗಾಡಿಯ ಜೊತೆ ಹೋಗುವವರೂ ಅವರೇ. ಆ ಮನೆಯಲ್ಲಿ ಅವರದೆಂದು ಹೇಳಿಕೊಳ್ಳಲು ಇದ್ದದ್ದು ಆ ಬೀಗದ ಕೈ ಮತ್ತು ಆ ಗಾಡಿಯ ದಾರಿ, ಅಷ್ಟೇ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ತಡವಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಗ ನಮ್ಮಲ್ಲಿ ತೂಕ ಮಣ, ಸೇರುಗಳಲ್ಲಿ ನಡೆಯುತ್ತಿತ್ತು. ಈಗ ಓದುವವರಿಗೆ ತೊಡಕಾಗಬಾರದೆಂದು ತೂಕವನ್ನೆಲ್ಲ ಕಿಲೋಗೆ ತಿರುಗಿಸಿ ಬರೆಯುತ್ತಿದ್ದೇನೆ. ಹಣ ಮಾತ್ರ ರೂಪಾಯಿ, ಆಣೆ, ಪೈಗಳಲ್ಲೇ ಇರಲಿ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಒಂದು ಮಧ್ಯಾಹ್ನ ಪೇಟೆಯಿಂದ ಬಂದ ನನ್ನ ಗಂಡ ಅಂಗಿ ಕೂಡ ಬಿಚ್ಚದೆ ಒಂದು ಸುದ್ದಿ ಹೇಳಿದರು. ಅಂಗಡಿಯಲ್ಲಿ ಒಳ್ಳೆಯ ಬೆಳ್ತಿಗೆ ಅಕ್ಕಿ ಕಿಲೋಗೆ ಆರು ಆಣೆಯಂತೆ. ಬುದ್ಧಿ ಇದ್ದವರು ಯಾರೂ ಈಗ ಭತ್ತ ಇಟ್ಟುಕೊಂಡು ಮಿಲ್ಲು ಮಾಡಿಸುವುದಿಲ್ಲವಂತೆ. ಕಣದಲ್ಲೇ ಮಾರಿ, ತಿಂಗಳು ತಿಂಗಳು ಅಕ್ಕಿ ಕೊಳ್ಳುತ್ತಾರಂತೆ. ಹಾಗೆ ಹೇಳಿ, ನೀನು ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ನಮ್ಮ ಅಕ್ಕಿ ಎಷ್ಟಕ್ಕೆ ಬೀಳುತ್ತದೆಂದು ಒಂದು ಕಾಗದದ ಮೇಲೆ ಮಾಡಿ ತೋರಿಸು ಎಂದರು.

ಒಳಗೆ ಹುರುಳಿ ಆರಿಸುತ್ತಿದ್ದ ಅತ್ತಿಗೆಯ ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಲೆಕ್ಕ ಕಷ್ಟದ್ದೇನಲ್ಲ. ಬೋರ್ಡಿಂಗಿನಲ್ಲಿ ನಮಗೆ ಮನೆವಾರ್ತೆ ಕಲಿಸುತ್ತಿದ್ದ ಸಿಸ್ಟರ್ ಇಂಥವನ್ನು ಎಷ್ಟೋ ಮಾಡಿಸಿದ್ದರು. ಭತ್ತದ ಬೆಲೆಗೆ ಮಿಲ್ಲಿನ ಕೂಲಿ ಸೇರಿಸಬೇಕು, ಬಂದ ಅಕ್ಕಿಯ ತೂಕದಿಂದ ಭಾಗಿಸಬೇಕು. ಹಿಂದಿನ ತಿಂಗಳು ಹತ್ತು ಮೂಟೆ ಮಿಲ್ಲಿಗೆ ಹೋಗಿತ್ತು. ಪ್ರತಿ ಮೂಟೆಯ ಮೇಲೂ ಡಾಂಬರಿನಲ್ಲಿ ಅರವತ್ತು ಕಿಲೋ ಎಂದು ಗುರುತಿತ್ತು. ಖಾಲಿ ಚೀಲಗಳು ಹಗ್ಗದ ಮೇಲೆ ತೂಗುತ್ತಲೇ ಇದ್ದವು, ನೋಡಿಕೊಂಡೆ. ಅಲ್ಲಿಗೆ ಆರುನೂರು ಕಿಲೋ. ಪೇಟೆಯಲ್ಲಿ ಭತ್ತದ ಅಂದಿನ ದರ ನೂರು ಕಿಲೋಗೆ ಇಪ್ಪತ್ತನಾಲ್ಕು ರೂಪಾಯಿ, ಹಾಗಾಗಿ ನೂರನಲವತ್ತನಾಲ್ಕು ರೂಪಾಯಿ. ಮಿಲ್ಲಿನ ಚೀಟಿ ಗೋಡೆಯ ಮೊಳೆಗೆ ಚುಚ್ಚಿತ್ತು: ಕೂಲಿ ಐದು ರೂಪಾಯಿ ಒಂಬತ್ತು ಆಣೆ; ಅಕ್ಕಿ, ನುಚ್ಚೂ ಸೇರಿ, ಮುನ್ನೂರ ಅರವತ್ತೆಂಟು ಕಿಲೋ.

ಭಾಗಿಸಿದೆ. ಕಿಲೋಗೆ ಆರೂವರೆ ಆಣೆ ಬಂತು.

ನಮ್ಮದೇ ಗದ್ದೆಯ ಅಕ್ಕಿ ಅಂಗಡಿಯ ಅಕ್ಕಿಗಿಂತ ಅರ್ಧ ಆಣೆ ದುಬಾರಿ. ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದೆ. ಅಷ್ಟೇ ಬಂತು. ಆಮೇಲೆ ಇಳುವರಿ ನೋಡಿದೆ. ನೂರು ಕಿಲೋ ಭತ್ತಕ್ಕೆ ಅರವತ್ತಾರು ಕಿಲೋ ಅಕ್ಕಿ ಬರುತ್ತದೆಂದು ನನ್ನ ಗಂಡ ಹೇಳಿದ್ದರು. ಸುತ್ತಿನವರೆಲ್ಲ ಹೇಳುವುದೂ ಅಷ್ಟೇ. ನಮಗೆ ಬಂದದ್ದು ಅರವತ್ತೊಂದು ಚಿಲ್ಲರೆ. ಆರುನೂರು ಕಿಲೋಗೆ ಮುನ್ನೂರ ತೊಂಬತ್ತಾರು ಕಿಲೋ ಬರಬೇಕಿತ್ತು. ಇಪ್ಪತ್ತೆಂಟು ಕಿಲೋ ಅಕ್ಕಿ ಇಲ್ಲ.

ಇಪ್ಪತ್ತೆಂಟು ಕಿಲೋ ಅಕ್ಕಿ ಎಂದರೆ ಒಬ್ಬರು ಹೊರಲಾರದೆ ಹೊರುವ ಗಂಟು. ಅಷ್ಟು ದೊಡ್ಡದು ಯಾರ ಕಣ್ಣಿಗೂ ಬೀಳದೆ ಹೋಗುವುದು ಹೇಗೆ?

ನನ್ನ ಸ್ವಭಾವ ಮೆದುವೆಂದು ಎಲ್ಲರೂ ಹೇಳುತ್ತಾರೆ. ಮೆದುವಾದವರಿಗೂ ಅನುಮಾನ ಬರುತ್ತದೆ. ಕೂಗಾಡದ ಕಾರಣಕ್ಕೆ ಅದು ಒಳಗೇ ಉಳಿದು ಇನ್ನಷ್ಟು ಬೆಳೆಯುತ್ತದೆ. ಅಂದಿನಿಂದ ನಾನು ಅತ್ತಿಗೆಯನ್ನು ನೋಡಲು ಶುರು ಮಾಡಿದೆ. ಅಕ್ಕಿ ಡಬ್ಬದ ಮೇಲ್ಭಾಗವನ್ನು ಅಂಗೈಯಿಂದ ನುಣುಪು ಮಾಡಿ, ಬೆರಳಿನಿಂದ ಒಂದು ಸಣ್ಣ ಗೆರೆ ಎಳೆದು ಮುಚ್ಚುತ್ತಿದ್ದೆ. ಮಾರನೆಯ ಬೆಳಿಗ್ಗೆ ಗೆರೆ ಇದ್ದಲ್ಲೇ ಇರುತ್ತಿತ್ತು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಹಾಗಾದರೆ ಮನೆಗೆ ಬರುವ ಮೊದಲೇ ಹೋಗಿರಬೇಕು ಎಂದುಕೊಂಡೆ. ಆಗ ನೆನಪಾಯಿತು: ಮಿಲ್ಲಿಗೆ ಹೊರಡುವಾಗ ಅತ್ತಿಗೆಯ ಸೆರಗಿನ ತುದಿ ಸಡಿಲವಾಗಿ ಗಾಳಿಗೆ ಹಾರುತ್ತಿತ್ತು. ಬರುವಾಗ ಅದರಲ್ಲೊಂದು ಗಂಟಿತ್ತು. ಗಾಡಿಯಿಂದ ಇಳಿಯುವಾಗ ಅವರು ಎಡಗೈಯಿಂದ ಆ ಗಂಟನ್ನು ಹಿಡಿದುಕೊಂಡೇ ಇಳಿದಿದ್ದರು.

ಚೀಟಿಯನ್ನು ಮತ್ತೆ ತೆಗೆದೆ. ಮಿಲ್ಲಿನ ಕೂಲಿ ನೂರು ಕಿಲೋ ಭತ್ತಕ್ಕೆ ಒಂದು ರೂಪಾಯಿ. ಆರುನೂರು ಕಿಲೋಗೆ ಆರು ರೂಪಾಯಿ ಆಗಬೇಕು. ಚೀಟಿಯಲ್ಲಿ ಐದು ರೂಪಾಯಿ ಒಂಬತ್ತು ಆಣೆ. ಮಿಲ್ಲಿನವನು ಚಿಲ್ಲರೆ ಮೂರು ಪೈ ಬಿಟ್ಟಾನು, ಏಳು ಆಣೆ ಬಿಟ್ಟುಕೊಡುವ ಪೈಕಿಯಲ್ಲ. ಹಿಂದಿನಿಂದ ಲೆಕ್ಕ ಹಾಕಿದರೆ ಮಿಲ್ಲಿನ ತಕ್ಕಡಿಗೆ ಬಂದ ಭತ್ತ ಐನೂರ ಐವತ್ತೆಂಟು ಕಿಲೋ ಮಾತ್ರ. ಅದಕ್ಕೆ ನೂರಕ್ಕೆ ಅರವತ್ತಾರರಂತೆ ಹಾಕಿದರೆ ಮುನ್ನೂರ ಅರವತ್ತೆಂಟು ಕಿಲೋ ಅಕ್ಕಿ, ಸರಿಯಾಗಿ ಕೂತಿತು. ಅಂದರೆ ಅಕ್ಕಿ ಹೋಗಿಲ್ಲ, ಭತ್ತವೇ ಹೋಗಿದೆ; ನಲವತ್ತೆರಡು ಕಿಲೋ, ಅಟ್ಟಕ್ಕೂ ಮಿಲ್ಲಿಗೂ ನಡುವೆ.

ಲೆಕ್ಕ ಬಿಡಿಸಿದ ಹುಡುಗಿಯ ಹಾಗೆ ನನಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗಲೂ ಮುಜುಗರ.

ವಾರದ ಸಂತೆಯ ದಿನ ಉಪ್ಪು, ಮೆಣಸಿನಕಾಯಿ ತರುವ ನೆಪದಲ್ಲಿ ನಾನೂ ಗಂಡನ ಜೊತೆ ಪೇಟೆಗೆ ಹೋದೆ. ಅವರು ಗುದ್ದಲಿಗೆ ಕಾವು ಹಾಕಿಸಲು ಕಮ್ಮಾರನ ಹತ್ತಿರ ನಿಂತಾಗ ನಾನು ಮಿಲ್ಲಿನ ಬಾಗಿಲಿಗೆ ಹೋದೆ. ಹುಬ್ಬಿಗೆಲ್ಲ ಬಿಳಿ ಧೂಳು ಕೂತ ಮಿಲ್ಲಿನ ಯಜಮಾನರು ನನ್ನ ಗುರುತು ಹಿಡಿದು ಮಣೆ ಕೊಟ್ಟರು. ನಮ್ಮ ಭತ್ತ ಕಡಿಮೆ ಬಂದಿತ್ತಲ್ಲ ಎಂದು ಆದಷ್ಟು ಹಗುರವಾಗಿ ಕೇಳಿದೆ. ಅವರು ನಕ್ಕುಬಿಟ್ಟರು.

“ಅಮ್ಮಾ, ಮಿಲ್ಲಲ್ಲಿ ಕದಿಯೋದು ಇಲಿ ಒಂದೇ. ಅದನ್ನೂ ಜನ ನನ್ನ ಹೆಸರಿಗೇ ಬರೀತಾರೆ. ನಿಮ್ಮ ಮೂಟೆ ಇಲ್ಲಿ ಇಳಿಸ್ದಾಗ ಎಷ್ಟಿತ್ತೋ ಅಷ್ಟಕ್ಕೇ ನಾನು ಕೂಲಿ ತಗೊಂಡಿದ್ದು.”

ತಕ್ಕಡಿಯ ಹತ್ತಿರ ಅತ್ತಿಗೆ ಕದಲದೆ ನಿಂತಿದ್ದರೆಂದೂ, ಅಕ್ಕಿಯಲ್ಲಿ ನುಚ್ಚು ಜಾಸ್ತಿ ಎಂದು ತಮ್ಮನ್ನೇ ಬೈದರೆಂದೂ ಹೇಳಿದರು. ಹೊಟ್ಟು ಎಂದಿನಂತೆ ಮಿಲ್ಲಿಗೆ. ತೌಡು ಮಾತ್ರ ಭತ್ತ ತಂದವರದ್ದು. “ಅದನ್ನ ನಿಮ್ಮ ಅತ್ತಿಗೇರು ಮನೆಗೆ ಒಯ್ಯೋದೇ ಇಲ್ವಲ್ಲ. ಇಲ್ಲೇ ಎಮ್ಮೆ ಸಾಕಿರೋರಿಗೆ ಕೊಟ್ಟು ದುಡ್ಡು ಇಸ್ಕೋತಾರೆ. ಈ ಸಲ ಐದು ರೂಪಾಯಿ ಆಯ್ತು. ಹೇಳಿಲ್ವಾ?”

ಹೇಳಿದ್ದಾರೆ ಎಂದು ಸುಳ್ಳು ಹೇಳಿ ಎದ್ದೆ. ನಲವತ್ತು ಕಿಲೋ ತೌಡು, ಕಿಲೋಗೆ ಎರಡು ಆಣೆ. ಸೆರಗಿನ ಗಂಟು ಯಾವುದೆಂದು ಗೊತ್ತಾಯಿತು.

ಗಾಡಿಯಲ್ಲಿ ಮರಳಿ ಬರುವಾಗ ಗಂಡನಿಗೆ ಭತ್ತದ ವಿಷಯ ಹೇಳಿದೆ. ತೌಡಿನದು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ನನಗೇ ಗೊತ್ತಿಲ್ಲ. ಬಹುಶಃ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಹೇರಲು ಮನಸ್ಸಾಗಲಿಲ್ಲ. ಅವರು ಎತ್ತಿನ ಬೆನ್ನನ್ನೇ ನೋಡುತ್ತ ಕೂತಿದ್ದರು. ಮನೆ ಹತ್ತಿರವಾದಾಗ, ಯುಗಾದಿ ಆದ ಮೇಲೆ ಬೀಗದ ಕೈ ನೀನೇ ಇಟ್ಟುಕೋ ಎಂದರು. ಮುಂದಿನ ಸುಗ್ಗಿಗೆ ಬೀಗವೂ ಬೇಕಾಗುವುದಿಲ್ಲ, ಎಲ್ಲ ಕಣದಲ್ಲೇ ಮಾರಿಬಿಡೋಣ ಎಂದರು.

ಮನೆಗೆ ಬಂದವರೇ ಅಕ್ಕನನ್ನು ಜಗಲಿಗೆ ಕರೆದರು. ಕೂಗಾಡಲಿಲ್ಲ. ನಲವತ್ತೆರಡು ಕಿಲೋ ಭತ್ತ ದಾರಿಯಲ್ಲಿ ಎಲ್ಲಿ ಹೋಯಿತು ಎಂದು ಕೇಳಿದರು, ನನ್ನ ಕಾಗದವನ್ನು ಮುಂದೆ ಹಿಡಿದರು. ಅತ್ತಿಗೆಗೆ ಓದಲು ಬರುತ್ತಿರಲಿಲ್ಲ. ಅವರು ಕಾಗದವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಸೊಂಟದ ಬೀಗದ ಕೈ ತೆಗೆದು ಗಾಡಿ ಹೊಡೆಯುವ ಆಳಿನ ಕೈಗೆ ಕೊಟ್ಟು, ಅಟ್ಟದಿಂದ ಒಂದು ಮೂಟೆ ಇಳಿಸು ಎಂದರು. ಯಾವುದು ಎಂದು ಅವನು ಕೇಳಿದ. “ಯಾವುದಾದ್ರೂ. ಬೇಕಾದ್ರೆ ಅವಳೇ ಆರಿಸಲಿ.”

ನಾನು ಏಣಿ ಹತ್ತಿ ಆರಿಸಿದೆ. ಹೊಗೆಯಿಂದ ಅಟ್ಟದ ತೊಲೆಗಳೆಲ್ಲ ಕಪ್ಪಾಗಿದ್ದವು. ಕೆಳಗಿನ ಒಲೆಯ ಬಿಸಿ ಮುಖಕ್ಕೆ ಹೊಡೆಯಿತು. ಸುಗ್ಗಿಯಲ್ಲಿ ಮೂಟೆಗಳ ಬಾಯಿ ಹೊಲಿದವಳು ನಾನು. ಎಲ್ಲರೂ ಹೊಲಿಯುವಂತೆ ಉದ್ದುದ್ದ ಹೊಲಿಯದೆ, ಸಿಸ್ಟರ್ ಕಲಿಸಿದಂತೆ ಒಂದೊಂದು ಹೊಲಿಗೆಯನ್ನೂ ಕುಣಿಕೆಯೊಳಗಿಂದ ಎಳೆದು ಬಿಗಿದಿದ್ದೆ. ಬಿಚ್ಚಿದರೆ ಬೇರೆಯವರು ಹಾಗೆಯೇ ಮತ್ತೆ ಹೊಲಿಯುವುದು ಆಗದ ಮಾತು. ನಾನು ಆರಿಸಿದ ಮೂಟೆಯಲ್ಲಿ ಒಂದು ಹೊಲಿಗೆಯೂ ಕದಲಿರಲಿಲ್ಲ. ಚೀಲದಲ್ಲಿ ತೂತಿರಲಿಲ್ಲ. ಮೇಲೆ ಡಾಂಬರಿನಲ್ಲಿ ಅರವತ್ತು.

ಜಗಲಿಯ ತೊಲೆಗೆ ದೊಡ್ಡ ತಕ್ಕಡಿ ಕಟ್ಟಿದರು. ಅರವತ್ತಕ್ಕೆ ಕಲ್ಲಿನ ತಟ್ಟೆ ಏಳಲೇ ಇಲ್ಲ. ನನ್ನ ಗಂಡ ಒಂದೊಂದೇ ಸಣ್ಣ ಕಲ್ಲು ತೆಗೆಯುತ್ತ ಹೋದರು. ಐವತ್ತಾರಕ್ಕೆ ಒಂದು ಹಿಡಿ ಕಡಿಮೆ ಇರುವಲ್ಲಿ ಮುಳ್ಳು ನೆಟ್ಟಗಾಯಿತು. ಇನ್ನೊಂದು ಮೂಟೆ ಇಳಿಸಿದರು. ಅದೂ ಹೆಚ್ಚುಕಡಿಮೆ ಅಷ್ಟೇ.

“ಇದನ್ನ ಯಾರು ಕದ್ದರು?” ಎಂದು ಅತ್ತಿಗೆ ಕೇಳಿದರು.

ನನಗೆ ಆಗ ಕಣ ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ಭತ್ತವನ್ನು ತೂಗುವುದು ಬಡಿದ ದಿನವೇ, ಕಣದಲ್ಲೇ. ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವ ಒಕ್ಕಲು ತನ್ನ ಪಾಲನ್ನು ಅವತ್ತೇ ಮನೆಗೆ ಒಯ್ಯಬೇಕು. ನಾಳೆ ತೂಗೋಣ ಎಂದರೆ ಅವನು ನಮ್ಮನ್ನು ಅನುಮಾನಿಸುತ್ತಾನೆ, ನಾವು ಅವನನ್ನು. ಹಾಗಾಗಿ ಮಂಜಿನಲ್ಲಿ ನೆಂದು ಬಂದ ಭತ್ತ, ಹಸಿಯಾಗಿರುವಾಗಲೇ ತೂಕಕ್ಕೆ ಏರುತ್ತದೆ. ಆಮೇಲೆ ಎರಡು ಮೂರು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ ಕೂತು ಒಣಗುತ್ತದೆ. ನೂರರಲ್ಲಿ ಏಳು ಪಾಲು ನೀರಾಗಿ ಆರಿಹೋಗುತ್ತದೆ. ಚೀಲದ ಮೇಲಿನ ಅಂಕಿ ಮಾತ್ರ ಆರುವುದಿಲ್ಲ. ಮನೆಯಲ್ಲಿ ಯಾರೂ ಎರಡನೇ ಸಲ ತೂಗಿದವರಿಲ್ಲ, ಯಾಕೆಂದರೆ ಯಾರೂ ಈ ಲೆಕ್ಕ ಹಾಕಿದವರಿಲ್ಲ. ನಾನೊಬ್ಬಳು ಹಸಿ ಭತ್ತದ ತೂಕಕ್ಕೆ ಒಣ ಭತ್ತದ ದರ ಹಾಕಿ, ಒಣ ಭತ್ತದ ಅಕ್ಕಿಯಿಂದ ಭಾಗಿಸಿದ್ದೆ.

ಗಂಡ ಹೊಸ ಕಾಗದ ತರಲು ಹೇಳಿದರು. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ಗಂಡಸರು ತಪ್ಪೊಪ್ಪಿಕೊಳ್ಳುವ ಬದಲು ಲೆಕ್ಕ ಕೇಳುತ್ತಾರೆ.

ಐನೂರ ಐವತ್ತೆಂಟು ಕಿಲೋ ಒಣ ಭತ್ತ, ಅದೇ ದರಕ್ಕೆ ಸುಮಾರು ನೂರಮೂವತ್ತನಾಲ್ಕು ರೂಪಾಯಿ. ಕೂಲಿ ಐದು ರೂಪಾಯಿ ಒಂಬತ್ತು ಆಣೆ. ಅಕ್ಕಿ ಮುನ್ನೂರ ಅರವತ್ತೆಂಟು. ಕಿಲೋಗೆ ಆರು ಆಣೆ ಒಂದು ಪೈ.

“ಆದ್ರೂ ಅಂಗಡೀದೇ ಒಂದು ಪೈ ಕಡಿಮೆ” ಎಂದರು ನನ್ನ ಗಂಡ. ಕಳ್ಳತನದ ಮಾತು ಬಿದ್ದುಹೋಯಿತು. ಕಣದಲ್ಲೇ ಮಾರುವ ಮಾತು ಹಾಗೆಯೇ ನಿಂತಿತು. ಒಂದು ಪೈಗೋಸ್ಕರ ಇಷ್ಟೆಲ್ಲ ಹೊತ್ತು ಇಳಿಸುವುದು ಯಾಕೆ, ಇಲಿ ಕಾಯುವುದು ಯಾಕೆ ಎಂದರು. ಭತ್ತ ಇಲ್ಲದಿದ್ದರೆ ಅಟ್ಟಕ್ಕೆ ಬೀಗ ಬೇಡ. ಗಾಡಿ ಮಿಲ್ಲಿಗೆ ಹೋಗಬೇಕಾಗಿಲ್ಲ. ಅತ್ತಿಗೆ ಆಳಿನ ಕೈಯಿಂದ ಬೀಗದ ಕೈ ಇಸಿದುಕೊಂಡರು, ಆದರೆ ಸೊಂಟಕ್ಕೆ ಸಿಕ್ಕಿಸಲಿಲ್ಲ. ಅಂಗೈಯಲ್ಲೇ ಹಿಡಿದುಕೊಂಡಿದ್ದರು.

ನನ್ನ ಲೆಕ್ಕದಲ್ಲಿ ಇನ್ನೊಂದು ಸಾಲು ಬಾಕಿ ಇದೆಯೆಂದು ನನಗೆ ಗೊತ್ತಿತ್ತು. ತೌಡಿನ ಐದು ರೂಪಾಯಿಯನ್ನು ಖರ್ಚಿನಿಂದ ಕಳೆಯಬೇಕು. ಕಳೆದರೆ ಅಕ್ಕಿ ಐದು ಆಣೆ ಹತ್ತು ಪೈಗೆ ಬೀಳುತ್ತದೆ. ಅಂಗಡಿಗಿಂತ ಎರಡು ಪೈ ಅಗ್ಗ. ಬೀಗದ ಕೈ ಅತ್ತಿಗೆಯ ಹತ್ತಿರ ಉಳಿಯುತ್ತದೆ. ಆದರೆ ಆ ಐದು ರೂಪಾಯಿಯನ್ನು ಕಾಗದದಲ್ಲಿ ಬರೆದರೆ, ಅದು ಎಲ್ಲಿ ಎಂದು ಕೇಳುತ್ತಾರೆ.

ಕೊಟ್ಟಿಗೆಯ ಹಿಂದೆ ಅತ್ತಿಗೆ ಹುಲ್ಲು ಎಳೆಯುತ್ತಿದ್ದಾಗ ಹೋಗಿ ನಿಂತೆ. ತೌಡಿನ ವಿಷಯ ಮಿಲ್ಲಿನವರು ಹೇಳಿದರೆಂದೆ. ಅತ್ತಿಗೆ ಬೆಚ್ಚಲಿಲ್ಲ.

“ಹುಂ. ಅದಕ್ಕೂ ಕಾಗದ ತಂದಿದ್ದೀಯ?”

ಇಲ್ಲವೆಂದೆ. ಕಳೆದರೆ ಏನಾಗುತ್ತದೆ, ಕಳೆಯದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಹುಲ್ಲಿನ ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿಸಿಕೊಂಡರು. ತಾವು ತವರಿಗೆ ಬಂದ ವರ್ಷವೇ ಅಪ್ಪ ಹೀಗೆ ಹೇಳಿದ್ದರೆಂದರು: ಭತ್ತ ಮಕ್ಕಳಿಗೆ, ತೌಡು ಮಗಳಿಗೆ. ಎಲೆಅಡಿಕೆಗೂ ತಮ್ಮನ ಕೈ ನೋಡುವ ಹಾಗಾಗಬಾರದು ಎಂದು. ಅದನ್ನು ಬೇರೆ ಯಾರ ಮುಂದೆಯಾದರೂ ಹೇಳಿದ್ದರೇ ಎಂದು ಕೇಳಿದೆ. ಆ ಪ್ರಶ್ನೆ ಕೇಳಬಾರದಿತ್ತು.

“ಅಪ್ಪ ಮಗಳಿಗೆ ಹೇಳೋವಾಗ ಸಾಕ್ಷಿ ಇಟ್ಕೊಂಡು ಹೇಳ್ತಾನೇನಮ್ಮ?”

ನಾನು ಏನು ಮಾಡಬೇಕೆಂದು ಯೋಚಿಸುತ್ತಿರುವಷ್ಟರಲ್ಲಿ ಅವರು ಕೈ ಕೊಡವಿಕೊಂಡು ಜಗಲಿಗೆ ಹೋಗಿಬಿಟ್ಟರು. ನಾನೂ ಹಿಂದೆಯೇ ಹೋದೆ. ತಮ್ಮನ ಎದುರು ನಿಂತು, ತೌಡು ಮಾರಿ ಐದು ರೂಪಾಯಿ ಬಂತು, ಅದು ನನ್ನ ಹತ್ತಿರ ಇದೆ, ಅದನ್ನು ಕಳೆದು ಲೆಕ್ಕ ಮಾಡಿಸು ಎಂದರು.

ನನ್ನ ಗಂಡ ನಿಧಾನಕ್ಕೆ ತಲೆ ಎತ್ತಿದರು. ಎಷ್ಟು ವರ್ಷದಿಂದ ಎಂದು ಕೇಳಿದರು. ಅಪ್ಪ ಇದ್ದಾಗಿನಿಂದ ಎಂದರು ಅತ್ತಿಗೆ. ಅಪ್ಪ ನನಗೆ ಯಾಕೆ ಹೇಳಲಿಲ್ಲ ಎಂದಾಗ, ನೀನು ಆಗ ಮಡಿಕೇರಿಯಲ್ಲಿ ಓದುತ್ತಿದ್ದೆ ಎಂದರು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಮೂರು ಸಲ ಮಿಲ್ಲು. ನನ್ನ ಗಂಡ ಮನಸ್ಸಿನಲ್ಲೇ ವರ್ಷಗಳನ್ನು ಗುಣಿಸುತ್ತಿದ್ದದ್ದು ತುಟಿಯ ಅಲುಗಾಟದಲ್ಲೇ ಕಾಣುತ್ತಿತ್ತು. ಇನ್ನು ಮೇಲೆ ತೌಡು ಮನೆಗೆ ಬರಲಿ, ನಮ್ಮ ಎಮ್ಮೆಗಳೇನು ಉಪವಾಸ ವ್ರತ ಹಿಡಿದಿವೆಯೇ ಎಂದರು.

“ಬರಲಿ ಕಣಪ್ಪ” ಎಂದರು ಅತ್ತಿಗೆ. “ಮುಂದಿನ ಸಲ ನೀನೇ ಹೋಗು. ಬೆಳಗಿಂದ ಸಂಜೆಗಂಟ ಆ ಧೂಳಲ್ಲಿ ಕೂತ್ಕೊಂಡು, ಯಾರ ಮೂಟೆ ಯಾರದಕ್ಕೆ ಸೇರುತ್ತೆ ಅಂತ ಕಾಯಿ. ಆಗಲ್ಲ ಅಂದ್ರೆ ಒಬ್ಬನ್ನ ಇಡು. ಅವನ ಕೂಲೀನೂ ಇವಳ ಕಾಗದದಲ್ಲಿ ಬರೀಲಿ. ಆಮೇಲೆ ನೋಡು, ಅಕ್ಕಿ ಎಷ್ಟಕ್ಕೆ ಬೀಳುತ್ತೆ ಅಂತ.”

ಆ ಸಾಲು ನನ್ನ ಯಾವ ಕಾಗದದಲ್ಲೂ ಇರಲಿಲ್ಲ. ಸಿಸ್ಟರ್ ಮಾಡಿಸಿದ ಲೆಕ್ಕಗಳಲ್ಲೂ ಭತ್ತ ತಾನಾಗಿಯೇ ಮಿಲ್ಲಿಗೆ ಹೋಗಿ ಬರುತ್ತಿತ್ತು. ಆದರೂ ಒಂದು ವಿಷಯ ನನ್ನ ತಲೆಯಲ್ಲಿ ಸುಳಿಯಿತು, ಸುಳ್ಳು ಹೇಳುವುದಿಲ್ಲ: ಗಂಡಾಳಿನ ದಿನದ ಕೂಲಿ ಆಗ ಒಂದೂವರೆ ರೂಪಾಯಿ, ಐದಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಗಂಡನಿಗೂ ಅದು ಹೊಳೆದಿರಬೇಕು, ಅವರೂ ಹೇಳಲಿಲ್ಲ. ಮೊದಲ ಆಪಾದನೆ ತಕ್ಕಡಿಯ ಮುಂದೆ ಬಿದ್ದು ಇನ್ನೂ ಗಳಿಗೆ ಹೊತ್ತಾಗಿರಲಿಲ್ಲ.

ಕೊನೆಗೆ ಅವರು ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ. “ತೌಡಿನ ದುಡ್ಡು ಕಾಗದದಲ್ಲಿ ಕಳಿ. ಅಕ್ಕನ ಹತ್ರ ಕೇಳಬೇಡ.”

ಹಾಗೆಯೇ ಬರೆದೆ. ಬಾರದ ಹಣವನ್ನು ಬಂದದ್ದೆಂದು ಕಳೆದ ಆ ಲೆಕ್ಕವನ್ನು ಸಿಸ್ಟರ್ ಕಂಡಿದ್ದರೆ ಅಡ್ಡಗೆರೆ ಎಳೆಯುತ್ತಿದ್ದರು. ಐದು ಆಣೆ ಹತ್ತು ಪೈ. ಅಂಗಡಿಗಿಂತ ಎರಡು ಪೈ ಅಗ್ಗ. ಭತ್ತ ಅಟ್ಟದಲ್ಲೇ ಉಳಿಯಿತು, ಕಣದಲ್ಲಿ ಮಾರುವ ಮಾತು ಮತ್ತೆ ಏಳಲಿಲ್ಲ.

ಮಾವನವರು ಆ ಮಾತು ಹೇಳಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಹದಿನೈದು ಆಣೆ ನಂಬುತ್ತೇನೆ. ಉಳಿದ ಒಂದು ಆಣೆಯನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೇನೆ. ಅತ್ತಿಗೆಗೆ ಅದು ಕಾಣುತ್ತಿತ್ತು ಎನ್ನುವುದು ಬೇರೆ ಮಾತು.

ಯಾಕೆಂದರೆ ಆಮೇಲೆ ಅನುಮಾನಿಸುವ ಸರದಿ ಅವರದಾಯಿತು. ಮುಂದಿನ ಮಿಲ್ಲಿನ ದಿನ ಬೆಳಿಗ್ಗೆ ಹತ್ತೂ ಮೂಟೆಗಳನ್ನು ಜಗಲಿಯ ತಕ್ಕಡಿಗೆ ಹಾಕಿಸಿದರು. ನಾನು ಒಲೆಯ ಮುಂದಿದ್ದೆ. ಹಾಲು ಉಕ್ಕುತ್ತದೆ ಎಂದರೂ ಬಿಡದೆ ಕರೆದು, ಮುಳ್ಳು ನೋಡಿಸಿ, ಹಳೆಯ ಅಂಕಿಯ ಕೆಳಗೆ ಹೊಸ ಅಂಕಿಯನ್ನು ನನ್ನ ಕೈಯಿಂದಲೇ ಬರೆಸಿದರು. ಸಂಜೆ ಗಾಡಿ ಬಂದಾಗ ಕೈಕಾಲು ತೊಳೆಯುವ ಮೊದಲೇ ಮಿಲ್ಲಿನ ಚೀಟಿಯನ್ನು ನನ್ನ ಮುಂದೆ ಇಟ್ಟರು. ಆಮೇಲೆ ನೋಡುತ್ತೇನೆ ಅತ್ತಿಗೆ, ಮೊದಲು ಕಾಫಿ ಕುಡಿಯಿರಿ ಎಂದೆ.

“ಈಗಲೇ ಓದು” ಎಂದರು.

ಭತ್ತ ಎಷ್ಟು, ಕೂಲಿ ಎಷ್ಟು, ಅಕ್ಕಿ ಎಷ್ಟು, ನುಚ್ಚು ಎಷ್ಟು ಎಂದು ಒಂದೊಂದಾಗಿ ಓದಿದೆ. ಹುಬ್ಬಿನ ಮೇಲೆ ಮಿಲ್ಲಿನ ಧೂಳು ಹಾಗೆಯೇ ಇಟ್ಟುಕೊಂಡು, ಬಾಗಿಲ ಚೌಕಟ್ಟಿಗೆ ಕೈಯೂರಿ, ನಾನು ಕೊನೆಯ ಅಂಕಿ ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ತೌಡಿನ ಸಾಲು ಚೀಟಿಯಲ್ಲಿ ಇರಲಿಲ್ಲ. ನಾನು ಕೇಳಲಿಲ್ಲ.